ನೂರು ಪಿಕೋಫ್ಯಾರಡ್ ಹದಿನಾಲ್ಕು ಸಾವಿರವಾದಾಗ

14 ಮಾರ್ಚ್ 2024, ಗುರುವಾರ

ಸಂಜೆ ಪೂರ್ತಿ ಒಂದೇ ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ಬಿಸಿ547, 12 ವೋಲ್ಟ್ ಸಪ್ಲೈ, ಕಲೆಕ್ಟರ್‌ಗೆ 3.3 ಕಿಲೋಓಮ್, ಎಮಿಟರ್‌ಗೆ 1 ಕಿಲೋಓಮ್, ಲೋಡ್ 10 ಕಿಲೋಓಮ್. ಕರೆಂಟ್ ಸುಮಾರು 1.4 ಮಿಲಿಆಂಪ್. ಸಿಗ್ನಲ್ ಬರುವುದು 600 ಓಮ್ ಮೂಲಕ. ಬೇಸ್‌ನಿಂದ ಕಲೆಕ್ಟರ್‌ಗೆ ಗೇನ್ ಸುಮಾರು 140.

ಒಳಗೆ 10 ಮಿಲಿವೋಲ್ಟ್ ಕೊಟ್ಟರೆ ನಡುವಿನ ಫ್ರೀಕ್ವೆನ್ಸಿಗಳಲ್ಲಿ ಹೊರಗೆ 1.1 ವೋಲ್ಟ್. ಅದು 0.78ಕ್ಕೆ ಇಳಿಯುವ ಜಾಗವೇ ಕಾರ್ನರ್. ಕೆಳಗಿನದು 170 ಹರ್ಟ್ಜ್ ಹತ್ತಿರ ಸಿಕ್ಕಿತು. ಇನ್‌ಪುಟ್‌ನ 10 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಮೇಲೆ ಅನುಮಾನ ಬರುತ್ತೆ, ಆದರೆ ಅದರ ಕಾರ್ನರ್ 5 ಹರ್ಟ್ಜ್ ಕೂಡ ದಾಟುವುದಿಲ್ಲ. ತಡೆಯುತ್ತಿರುವುದು ಎಮಿಟರ್‌ನಿಂದ ಗ್ರೌಂಡ್‌ಗೆ ಹಾಕಿದ 47 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದಕ್ಕೆ ಕಾಣುವುದು 1 ಕಿಲೋಓಮ್ ಅಲ್ಲ, ಎಮಿಟರ್ ಒಳಗಿನ ಬರೀ 20 ಓಮ್. 470 ಹಾಕಿದೆ, ಕಾರ್ನರ್ 20 ಹರ್ಟ್ಜ್ ಆಸುಪಾಸಿಗೆ ಇಳಿಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಮೇಲಿನ ಕಾರ್ನರ್. ಅದು 400 ಕಿಲೋಹರ್ಟ್ಜ್ ಹತ್ತಿರ ಇತ್ತು. ಮೊದಲು ಬೇಸ್ ಮತ್ತು ಗ್ರೌಂಡ್ ನಡುವೆ 100 ಪಿಕೋಫ್ಯಾರಡ್ ಸಿರಾಮಿಕ್ ಚುಚ್ಚಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅದೇ ಕೆಪಾಸಿಟರಿನ ಗ್ರೌಂಡ್ ಕಡೆಯ ಕಾಲು ಕಿತ್ತು ಕಲೆಕ್ಟರ್‌ಗೆ ಹಾಕಿದೆ. ಕಾರ್ನರ್ ಧೊಪ್ಪೆಂದು 22 ಕಿಲೋಹರ್ಟ್ಜ್‌ಗೆ ಬಿತ್ತು!

ಕಾರಣ ಸರಳ. ಬೇಸ್ 1 ಮಿಲಿವೋಲ್ಟ್ ಏರಿದರೆ ಕಲೆಕ್ಟರ್ 140 ಮಿಲಿವೋಲ್ಟ್ ಇಳಿಯುತ್ತೆ. ಕೆಪಾಸಿಟರಿನ ಎರಡು ತುದಿಗಳ ನಡುವೆ ಬದಲಾಗಿದ್ದು 141 ಮಿಲಿವೋಲ್ಟ್. ಅಷ್ಟಕ್ಕೂ ಬೇಕಾದ ಚಾರ್ಜನ್ನು 1 ಮಿಲಿವೋಲ್ಟ್ ಕೊಟ್ಟ ಇನ್‌ಪುಟ್ಟೇ ಹೊರಬೇಕು. ಅದರ ಕಣ್ಣಿಗೆ 100 ಪಿಕೋಫ್ಯಾರಡ್ 14,100 ಆಗಿ ಕಾಣುತ್ತೆ. 600 ಓಮ್ ಜೊತೆ ಟ್ರಾನ್ಸಿಸ್ಟರಿನ ಸುಮಾರು 2.9 ಕಿಲೋಓಮ್ ಇನ್‌ಪುಟ್ ಸಮಾಂತರವಾಗಿ ಸೇರಿಸಿದರೆ ಸುಮಾರು 500 ಓಮ್:

```
f = 1 / (2π × 500 × 14.1 nF) ≈ 22.6 kHz
```

ಗೇನ್‌ನದ್ದೇ ಕೆಲಸ ಅನ್ನುವುದಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆ. 100 ಪಿಕೋಫ್ಯಾರಡ್ ಅಲ್ಲೇ ಬಿಟ್ಟು ಎಮಿಟರ್ ಕೆಪಾಸಿಟರ್ ಕಿತ್ತೆ. ಗೇನ್ ಎರಡೂವರೆಗೆ ಇಳಿಯಿತು, ಕಾರ್ನರ್ ಮತ್ತೆ ನೂರಾರು ಕಿಲೋಹರ್ಟ್ಜ್‌ಗೆ ಹತ್ತಿತು. 1920ರಲ್ಲಿ ಜಾನ್ ಮಿಲ್ಟನ್ ಮಿಲ್ಲರ್ ಟ್ರಯೋಡ್ ವಾಲ್ವ್‌ಗಳಿಗೆ ಹೇಳಿದ್ದು ಇದನ್ನೇ.

ಹಾಗಾದರೆ ಮೊದಲಿನ 400 ಕಿಲೋಹರ್ಟ್ಜ್ ಎಲ್ಲಿಂದ ಬಂತು? ಟ್ರಾನ್ಸಿಸ್ಟರ್ ಒಳಗಿನ ಬೇಸ್-ಕಲೆಕ್ಟರ್ ಕೆಪಾಸಿಟೆನ್ಸ್ 3 ಪಿಕೋಫ್ಯಾರಡ್ ಆಸುಪಾಸು. ಅದನ್ನೇ 141ರಿಂದ ಗುಣಿಸಿದರೂ 700 ಕಿಲೋಹರ್ಟ್ಜ್ ಬರಬೇಕಿತ್ತು. ಆಮೇಲೆ ಬ್ರೆಡ್‌ಬೋರ್ಡ್ ಕಡೆ ನೋಡಿದೆ. ಬಿಸಿ547ರಲ್ಲಿ ಕಲೆಕ್ಟರ್, ಬೇಸ್ ಪಕ್ಕಪಕ್ಕದ ಕಾಲುಗಳು, ಕೂತಿರುವುದೂ ಪಕ್ಕಪಕ್ಕದ ಸಾಲಿನಲ್ಲಿ. ಆ ಎರಡು ಲೋಹದ ಪಟ್ಟಿಗಳ ನಡುವಿನ ಒಂದೆರಡು ಪಿಕೋಫ್ಯಾರಡ್ ಕೂಡ 141 ಪಟ್ಟು ಆಗುತ್ತೆ, ಅಲ್ವಾ? ಕಾಲುಗಳನ್ನು ಅಗಲಿಸಿ ನಡುವೆ ಎರಡು ಸಾಲು ಖಾಲಿ ಬಿಟ್ಟು ಚುಚ್ಚಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಕಾರ್ನರ್ 500 ದಾಟಿತು.