ವಚನವನ್ನು ಸಾಲು ಒಡೆಯುವ ಕೆಲಸ: ಎಲ್ಲಿಗೆ ಬಂತು

ತಾಳೆಗರಿಯಲ್ಲಿ ವಚನಗಳು ಪದ್ಯದ ಹಾಗೆ ಸಾಲು ಸಾಲಾಗಿ ಇರುವುದಿಲ್ಲ. ಗರಿ ತುಂಬುವವರೆಗೂ ಬರಹ ಒಂದೇ ಸಮನೆ ಓಡುತ್ತದೆ. ನಾವು ಪುಸ್ತಕದಲ್ಲಿ ನೋಡುವ ಸಾಲುಗಳು ಸಂಪಾದಕರು ಒಡೆದದ್ದು. ಹಾಗಾಗಿ ಬಸವಣ್ಣನವರ ವಚನಗಳನ್ನು ಗದ್ಯದಂತೆ ಟೈಪ್ ಮಾಡಿಕೊಂಡು, ಓದುವ ದನಿ ನಿಲ್ಲುವ ಕಡೆ ನಾನೇ ಸಾಲು ಒಡೆಯುತ್ತಿದ್ದೇನೆ. ಈ ವಾರ ಹಿಡಿದದ್ದು ಇದನ್ನು:

ಉಳ್ಳವರು ಶಿವಾಲಯವ ಮಾಡುವರು ನಾನೇನ ಮಾಡುವೆ ಬಡವನಯ್ಯಾ ಎನ್ನ ಕಾಲೇ ಕಂಬ ದೇಹವೇ ದೇಗುಲ ಶಿರವೇ ಹೊನ್ನ ಕಳಸವಯ್ಯಾ ಕೂಡಲಸಂಗಮದೇವಾ ಕೇಳಯ್ಯಾ ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಅಲ್ಪವಿರಾಮ, ಪ್ರಶ್ನೆ ಚಿಹ್ನೆ ಎಲ್ಲಾ ತೆಗೆದು, ಮನೆಯವರಿಂದ ಗಟ್ಟಿಯಾಗಿ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ವಚನ ಹಾಡುವವರಿಂದ ಓದಿಸಲಿಲ್ಲ. ಅವರು ತಾಳ ಬಂದ ಕಡೆ ನಿಲ್ಲುತ್ತಾರೆ, ಅದು ಮಾತಿನ ನಿಲುಗಡೆ ಅಲ್ಲ.

ರೆಕಾರ್ಡಿಂಗನ್ನು ಆಡಾಸಿಟಿ ಎಂಬ ದನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದರೆ ದನಿ ಅಲೆಯ ಗೆರೆಯಾಗಿ ಕಾಣುತ್ತದೆ, ದನಿ ನಿಂತ ಕಡೆ ಆ ಗೆರೆ ಚಪ್ಪಟೆಯಾಗಿರುತ್ತದೆ. ಆದರೆ ಬರೀ ಗೆರೆ ನೋಡಿ ಒಡೆಯುವ ಹಾಗಿಲ್ಲ. 'ಸ್ಥಾವರಕ್ಕಳಿವುಂಟು' ಎನ್ನುವಾಗ 'ಕ್ಕ' ಹತ್ತಿರವೂ ಒಂದು ಚಪ್ಪಟೆ ತುಂಡು ಬರುತ್ತದೆ. ಆ ಒತ್ತಕ್ಷರಕ್ಕೆ ನಾಲಿಗೆಯ ಹಿಂಭಾಗ ಗಾಳಿಯನ್ನು ಒಂದು ಕ್ಷಣ ತಡೆಯುತ್ತದೆ, ಅಷ್ಟೇ. ಅಲ್ಲಿ ಯಾರೂ ಉಸಿರು ತೆಗೆದುಕೊಂಡಿಲ್ಲ. ನಿಜವಾದ ನಿಲುಗಡೆಯಲ್ಲಿ ಅದಕ್ಕೆ ಮೊದಲಿನ ಸ್ವರ ಎಳೆದುಕೊಂಡಿರುತ್ತದೆ. 'ಬಡವನಯ್ಯಾ', 'ಕೇಳಯ್ಯಾ' ಎರಡರಲ್ಲೂ ಆ ಎಳೆತ ಸ್ಪಷ್ಟ.

ಸಂಧಿಯೂ ಒಳ್ಳೇ ಸಾಕ್ಷಿ. 'ಸ್ಥಾವರಕ್ಕೆ ಅಳಿವು ಉಂಟು' ಸೇರಿಕೊಂಡು ಒಂದಾಗಿದೆ ಅಂದರೆ ಹೇಳಿದವರು ನಡುವೆ ನಿಂತಿಲ್ಲ. ಅಲ್ಲಿ ಕತ್ತರಿ ಹಾಕಬಾರದು.

ಜಾಸ್ತಿ ಯೋಚನೆಗೆ ಹಚ್ಚಿದ್ದು 'ನಾನೇನ ಮಾಡುವೆ ಬಡವನಯ್ಯಾ'. 'ಮಾಡುವೆ' ಕ್ರಿಯಾಪದ, ವಾಕ್ಯ ಅಲ್ಲಿಗೇ ಮುಗಿಯಿತು, ಒಡೆಯಬಹುದು ಅನ್ನಿಸುತ್ತದೆ. ಆದರೆ ನಾವು 'ಎಲ್ಲಿಗೆ ಹೊರಟ್ರಿ ಇಷ್ಟೊತ್ತಲ್ಲಿ' ಅಂತ ಕೇಳುವಾಗ ನಡುವೆ ನಿಲ್ಲುತ್ತೇವಾ? ಇಲ್ಲ ಅಲ್ವಾ. ಕ್ರಿಯಾಪದದ ಹಿಂದೆಯೇ ಬರುವ ಮಾತು ಒಂದೇ ಉಸಿರಿನಲ್ಲಿ ಬರುತ್ತದೆ. ಓದಿದವರೂ ಹಾಗೇ ಓದಿದರು. ಒಡೆಯದೆ ಬಿಟ್ಟೆ.

ಸದ್ಯಕ್ಕೆ ಹೀಗೆ ನಿಂತಿದೆ:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ
ದೇಹವೇ ದೇಗುಲ
ಶಿರವೇ ಹೊನ್ನ ಕಳಸವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು
ಜಂಗಮಕ್ಕಳಿವಿಲ್ಲ

ಕಾಲು, ದೇಹ, ಶಿರ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಪಟ್ಟಿ ಓದಿದ ಹಾಗಾಗುತ್ತದೆ. ಬೇರೆ ಬೇರೆ ಇಟ್ಟಾಗ ಗುಡಿ ಕಾಲಿನಿಂದ ತಲೆಯವರೆಗೆ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಈ ಜಾಗ ನನಗೆ ತುಂಬಾ ಇಷ್ಟ.

ಮುಂದಿನದು ಅಕ್ಕಮಹಾದೇವಿಯವರ 'ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ'. 'ಮಾಡಿ' ಆದಮೇಲೆ ದನಿ ಸ್ವಲ್ಪವೇ ನಿಲ್ಲುತ್ತದೆ, 'ಎಂತಯ್ಯಾ' ಆದಮೇಲೆ ಪೂರ್ತಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಥರ ಸಾಲು ಒಡೆದರೆ ಈ ವ್ಯತ್ಯಾಸ ಹೋಗಿಬಿಡುತ್ತದೆ. ಸಣ್ಣ ನಿಲುಗಡೆಯ ನಂತರದ ಸಾಲನ್ನು ಸ್ವಲ್ಪ ಒಳಕ್ಕೆ ಸರಿಸಿ ನೋಡುತ್ತಿದ್ದೇನೆ. ಫೋನಿನಲ್ಲಿ ಉದ್ದದ ಸಾಲು ತಾನಾಗಿಯೇ ಮಡಚಿಕೊಳ್ಳುತ್ತದಲ್ಲ, ಅದು ಯಾವುದು, ನಾನು ಒಡೆದದ್ದು ಯಾವುದು ಅಂತ ಓದುವವರಿಗೆ ಗೊತ್ತಾಗಬೇಕು. ಅದಕ್ಕೆ ಇನ್ನೂ ದಾರಿ ಹುಡುಕಬೇಕು.