ಡ್ರಾಯರ್‌ನಲ್ಲಿ ಉಳಿದ ಚೆಕ್: ಅಕೌಂಟ್ಸ್ ಇಂಟರ್‌ವ್ಯೂನಲ್ಲಿ ನಾನು ಕೊಡುವ ಒಂದು ಲೆಕ್ಕ

ಬೆಂಗಳೂರಿನ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ಹೊಸಬರನ್ನು ತೆಗೆದುಕೊಳ್ಳುವಾಗ ಇಂಟರ್‌ವ್ಯೂಗೆ ನಾನೂ ಕೂರುತ್ತೇನೆ. ಬಿ.ಕಾಂ ಮುಗಿಸಿ ನೇರವಾಗಿ ಬಂದವರಿಗೂ, ಎರಡು ಮೂರು ವರ್ಷ ಟ್ಯಾಲಿಯಲ್ಲಿ ಕೆಲಸ ಮಾಡಿದವರಿಗೂ ನಾನು ಕೊಡುವುದು ಒಂದೇ ಹಾಳೆ. ಅದರಲ್ಲಿರುವುದು ಮಾರ್ಚ್ 31ರ ಬ್ಯಾಂಕ್ ರಿಕನ್ಸಿಲಿಯೇಶನ್, ಅಂದರೆ ನಮ್ಮ ಪುಸ್ತಕದ ಬ್ಯಾಲೆನ್ಸನ್ನು ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವ ಲೆಕ್ಕ. ತಯಾರಿ ಮಾಡುತ್ತಿರುವವರಿಗೆ ಉಪಯೋಗ ಆಗಲಿ ಅಂತ ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಬ್ಯಾಲೆನ್ಸ್ 4,82,600 ರೂಪಾಯಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 7,31,010. ನಾವು ಬರೆದ ಮೂರು ಚೆಕ್ ಇನ್ನೂ ಪಾಸಾಗಿಲ್ಲ: 65,000, 85,000 ಮತ್ತು 1,20,000. ಗ್ರಾಹಕರ 40,000ದ ಚೆಕ್ ಹಾಕಿದ್ದೇವೆ, ಇನ್ನೂ ಜಮೆ ಆಗಿಲ್ಲ. ಬ್ಯಾಂಕ್ 590 ಚಾರ್ಜ್ ಹಿಡಿದಿದೆ. ಯಾರೋ 19,000 ನೇರವಾಗಿ ಎನ್‌ಇಎಫ್‌ಟಿ ಮಾಡಿದ್ದಾರೆ, ನಮ್ಮಲ್ಲಿ ಎಂಟ್ರಿ ಇಲ್ಲ.

ಕೂಡಿಸಿ ಕಳೆದು 7,31,010ಕ್ಕೆ ತರುವುದು ಬಹಳ ಜನಕ್ಕೆ ಬರುತ್ತದೆ. 4,82,600ಕ್ಕೆ ಪಾಸಾಗದ ಚೆಕ್ಕುಗಳ 2,70,000 ಸೇರಿಸಿ, 40,000 ಕಳೆದು, 590 ಕಳೆದು, 19,000 ಸೇರಿಸಿದರೆ ತಾಳೆ ಆಗುತ್ತದೆ. ತಾಳೆ ಆದ ಕೂಡಲೇ ಪೆನ್ನು ಕೆಳಗಿಟ್ಟುಬಿಡುತ್ತಾರೆ. ನನ್ನ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. "ಹಾಗಾದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಯಾವ ಅಂಕಿ ಹಾಕ್ತೀರಿ?"

ಕೆಲವರು ಬ್ಯಾಂಕಿನ ಅಂಕಿ ಅನ್ನುತ್ತಾರೆ, ಕೆಲವರು ಪುಸ್ತಕದ್ದು ಅನ್ನುತ್ತಾರೆ. ಎರಡೂ ಅಲ್ಲ. ಚಾರ್ಜ್ ಮತ್ತು ಎನ್‌ಇಎಫ್‌ಟಿ ನಮ್ಮ ಪುಸ್ತಕದಲ್ಲಿ ಬಿಟ್ಟುಹೋದವು, ಅವಕ್ಕೆ ಎಂಟ್ರಿ ಬೀಳಲೇಬೇಕು. 590ರಲ್ಲಿ 500 ಬ್ಯಾಂಕ್ ಚಾರ್ಜ್, 90 ಜಿಎಸ್‌ಟಿ. 19,000ವನ್ನು ಸಸ್ಪೆನ್ಸ್‌ಗೆ ಹಾಕಿ ಮರೆಯುವ ಹಾಗಿಲ್ಲ. ಯುಟಿಆರ್ ನಂಬರ್ ಹಿಡಿದು ಯಾರದ್ದು ಅಂತ ಹುಡುಕಬೇಕು. ಇವೆರಡಾದ ಮೇಲೆ ಪುಸ್ತಕದ ಬ್ಯಾಲೆನ್ಸ್ 5,01,010. ಉಳಿದ ಚೆಕ್ಕುಗಳು ಬರೀ ದಿನಗಳ ವ್ಯತ್ಯಾಸ, ತಾವಾಗಿಯೇ ಸರಿಹೋಗುತ್ತವೆ ಅಂತ ಪಾಠದಲ್ಲಿ ಕಲಿತಿರುತ್ತೇವೆ ಅಲ್ವಾ? ಅದನ್ನು ಹಾಗೇ ನಂಬಬಾರದು.

ಈಗ ಚೆಕ್ಕುಗಳ ತಾರೀಕು ಹೇಳುತ್ತೇನೆ. 65,000ದ್ದು ಮಾರ್ಚ್ 28ರದು, ಏಪ್ರಿಲ್ 2ಕ್ಕೆ ಪಾಸಾಗಿದೆ. ಅದರಲ್ಲಿ ತೊಂದರೆ ಇಲ್ಲ. 85,000ದ್ದು ಹಿಂದಿನ ನವೆಂಬರ್‌ನದು. 2012ರ ಏಪ್ರಿಲ್‌ನಿಂದ ಚೆಕ್ ಮೂರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಅದನ್ನು ಬ್ಯಾಂಕ್ ತೆಗೆದುಕೊಳ್ಳುವುದಿಲ್ಲ. ಅಂದರೆ ಈ ಹಣ ಹೋಗಿಲ್ಲ, ಹೋಗುವುದೂ ಇಲ್ಲ. ಪೇಮೆಂಟ್ ರಿವರ್ಸ್ ಮಾಡಬೇಕು: ಬ್ಯಾಂಕ್ ಡೆಬಿಟ್, ಸಪ್ಲೈಯರ್ ಕ್ರೆಡಿಟ್. ಇದನ್ನು "ಇತರೆ ಆದಾಯ"ಕ್ಕೆ ಹಾಕುತ್ತೇನೆ ಅನ್ನುವವರು ಆಗಾಗ ಸಿಗುತ್ತಾರೆ. ಚೆಕ್ ಹಳತಾಯಿತು ಅಂದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಅದು ಆ ಸಪ್ಲೈಯರ್‌ಗೆ ಇನ್ನೂ ಕೊಡಬೇಕಾದ ದುಡ್ಡು.

1,20,000ದ ಚೆಕ್‌ನ ತಾರೀಕು ಮಾರ್ಚ್ 31. ಪಾಸಾದದ್ದು ಮೇ 22ಕ್ಕೆ. ಸಪ್ಲೈಯರ್ ಇದೇ ಊರಿನವರು. "ನೀವು ಆಡಿಟರ್ ಆಗಿದ್ರೆ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. "ವೌಚಿಂಗ್ ಮಾಡ್ತೀನಿ ಮೇಡಂ" ಅನ್ನುವ ಉತ್ತರ ಸಾಲದು. ವೌಚರ್ ಸರಿಯಾಗಿಯೇ ಇರುತ್ತದೆ, ಸಹಿಯೂ ಇರುತ್ತದೆ. ನೋಡಬೇಕಾದ್ದು ವರ್ಷ ಮುಗಿದ ಮೇಲಿನ ಕಾಗದಗಳನ್ನು. ಏಪ್ರಿಲ್, ಮೇ ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಂಡು ಪ್ರತಿ ಚೆಕ್ ಯಾವ ದಿನ ಪಾಸಾಯಿತು ಅಂತ ಬರೆಯಬೇಕು. ಚೆಕ್ ಕೊಟ್ಟ ರಿಜಿಸ್ಟರ್ ಅಥವಾ ಕೊರಿಯರ್ ರಸೀದಿ ಕೇಳಬೇಕು. ಸಪ್ಲೈಯರ್‌ಗೆ ಬ್ಯಾಲೆನ್ಸ್ ಕನ್ಫರ್ಮೇಶನ್ ಕಳಿಸಬೇಕು, ಉತ್ತರ ನೇರವಾಗಿ ಆಡಿಟರ್ ಕೈಗೇ ಬರಬೇಕು. ಕಂಪನಿಯ ಮೂಲಕ ಬಂದ ಉತ್ತರಕ್ಕೆ ಅಷ್ಟು ಬೆಲೆ ಇಲ್ಲ.

ಚೆಕ್ ಮಾರ್ಚ್ 31ಕ್ಕೆ ನಮ್ಮ ಡ್ರಾಯರ್‌ನಲ್ಲೇ ಇತ್ತು ಅಂತ ಗೊತ್ತಾದರೆ ಅದು ಪೇಮೆಂಟ್ ಅಲ್ಲ. ಆಗ 5,01,010ಕ್ಕೆ 85,000, 1,20,000 ಎರಡೂ ವಾಪಸ್ ಸೇರಿ ಬ್ಯಾಂಕ್ ಬ್ಯಾಲೆನ್ಸ್ 7,06,010 ಆಗುತ್ತದೆ. ಕೊಡಬೇಕಾದ ಬಾಕಿಯೂ 2,05,000 ಜಾಸ್ತಿ ಆಗುತ್ತದೆ. ಮೊದಲು ತಾಳೆ ಆಗಿದ್ದ ಅದೇ ರಿಕನ್ಸಿಲಿಯೇಶನ್ ಎರಡು ಲಕ್ಷ ಮುಚ್ಚಿಟ್ಟುಕೊಂಡಿತ್ತು.

ಇದು ನನ್ನ ಕಣ್ಣಮುಂದೆ ನಡೆದದ್ದು. ಮೊದಲ ಕೆಲಸದಲ್ಲಿ ನಾನೇ ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡುತ್ತಿದ್ದೆ. ಬ್ಯಾಂಕಿಗೆ ಲೆಕ್ಕ ಕೊಡುವಾಗ ಬಾಕಿ ಕಡಿಮೆ ಕಾಣಲಿ ಅಂತ ಮಾರ್ಚ್ ಕೊನೆಗೆ ಒಂದಿಷ್ಟು ಚೆಕ್ ಬರೆಸಿ ಇಟ್ಟುಕೊಂಡಿದ್ದರು. ನಾನು ಅವನ್ನೆಲ್ಲ "ಪಾಸಾಗದ ಚೆಕ್" ಅಂತ ಟೈಪ್ ಮಾಡಿದೆ. ಮೇ ತಿಂಗಳಲ್ಲಿ ಒಬ್ಬ ಸಪ್ಲೈಯರ್ ಫೋನ್ ಮಾಡಿದರು. "ಅಮ್ಮಾ, ಮಾರ್ಚ್‌ನಲ್ಲೇ ಕೊಟ್ಟಿದ್ದೀವಿ ಅಂತ ಲೆಡ್ಜರ್ ಕಳಿಸಿದ್ದೀರಿ, ನಮಗೆ ಚೆಕ್ ಬಂದೇ ಇಲ್ವಲ್ಲ. ಕೂಲಿಯವರಿಗೆ ಏನು ಹೇಳಲಿ?" ಆ ದನಿ ನನಗೆ ಇನ್ನೂ ನೆನಪಿದೆ. ನಾನು ಟೈಪ್ ಮಾಡಿದ ಸಾಲಿನ ಆ ಕಡೆ ಒಬ್ಬ ಮನುಷ್ಯ ಇದ್ದಾನೆ ಅಂತ ಅವತ್ತು ಗೊತ್ತಾಯಿತು.

ಈಗ ಹೀಗೆ ಮಾಡಲು ಇನ್ನೊಂದು ಆಸೆಯೂ ಸೇರಿದೆ. ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂತು. ಸಣ್ಣ ಉದ್ದಿಮೆಗಳಿಗೆ ಕಾನೂನು ಹೇಳಿದ ಗಡುವಿನೊಳಗೆ, ಅಂದರೆ ಲಿಖಿತ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ, ದುಡ್ಡು ಕೊಡಬೇಕು. ಗಡುವು ದಾಟಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚು ಆ ವರ್ಷಕ್ಕೆ ಸಿಗುವುದಿಲ್ಲ, ಕೊಟ್ಟ ವರ್ಷಕ್ಕೆ ಸಿಗುತ್ತದೆ. ಹಾಗಾಗಿ ಮಾರ್ಚ್ 31ರ ತಾರೀಕಿನ ಚೆಕ್ಕಿಗೆ ತೆರಿಗೆಯ ಲಾಭವೂ ಅಂಟಿಕೊಂಡಿದೆ.

ಅದಕ್ಕೇ ನನ್ನ ಕೊನೆಯ ಪ್ರಶ್ನೆ: "ಚೆಕ್ ಡ್ರಾಯರ್‌ನಲ್ಲಿದೆ ಅಂತ ನಿಮಗೆ ಗೊತ್ತು. ಮ್ಯಾನೇಜರ್ ಸುಮ್ನೆ ಪಾಸಾಗದ ಚೆಕ್ ಅಂತ ತೋರಿಸಿ ಅಂತಾರೆ. ಏನು ಮಾಡ್ತೀರಿ?" "ಕೆಲಸ ಬಿಡ್ತೀನಿ" ಅನ್ನುವುದು ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಹಾಗೇ ತಪ್ಪಾಗಿ ಉಳಿಯುತ್ತದೆ. ನನಗೆ ಹಿಡಿಸಿದ ಉತ್ತರ ತುಮಕೂರಿನ ಒಬ್ಬ ಹುಡುಗಿಯದು. ಮೊದಲು ಕಾರಣ ಕೇಳ್ತೀನಿ ಅಂದಳು. ಸಪ್ಲೈಯರೇ ಬಂದು ತಗೊಂಡು ಹೋಗ್ತೀನಿ ಅಂದು ತಡ ಮಾಡಿದ್ದರೂ ಇರಬಹುದು, ಆದರೆ ಆಗಲೂ ಚೆಕ್ ನಮ್ಮ ಹತ್ತಿರವೇ ಇದೆ, ಎಂಟ್ರಿ ರಿವರ್ಸ್ ಆಗಲೇಬೇಕು. ಎಂಟ್ರಿ ಬರೆದುಕೊಂಡೇ ಮ್ಯಾನೇಜರ್ ಹತ್ತಿರ ಹೋಗ್ತೀನಿ. ಒಪ್ಪದಿದ್ದರೆ ಇಮೇಲ್‌ನಲ್ಲಿ ಬರೆದು ಫೈನಾನ್ಸ್ ಹೆಡ್‌ಗೆ ತಿಳಿಸ್ತೀನಿ. ಆಡಿಟರ್ ಕೇಳಿದರೆ ಇದ್ದದ್ದು ಹೇಳ್ತೀನಿ, ನನ್ನ ಹೆಸರಿನ ಹಾಳೆಗೆ ಸಹಿ ಮಾತ್ರ ಹಾಕಲ್ಲ.

"ನಿಮ್ಮ ಹಳೇ ಕಂಪನಿಯಲ್ಲಿ ಹೀಗೆ ಆಗಿತ್ತಾ?" ಅಂತ ಕೇಳಿದೆ. ಬಹಳ ಜನ ಇಲ್ಲಿ ಸಪ್ಲೈಯರ್ ಹೆಸರು, ಮೊತ್ತ, ಮ್ಯಾನೇಜರ್ ಹೆಸರು ಎಲ್ಲ ಹೇಳಿಬಿಡುತ್ತಾರೆ. ನಾಳೆ ನಮ್ಮದನ್ನೂ ಹೀಗೇ ಹೇಳುತ್ತಾರೆ ಅಂತ ನಾನು ಗುರುತು ಹಾಕಿಕೊಳ್ಳುತ್ತೇನೆ. ಅವಳು, "ಆಗಿತ್ತು ಮೇಡಂ, ಎಂಟ್ರಿ ಸರಿ ಮಾಡಿದ್ವಿ. ಹೆಸರು ಹೇಳೋ ಹಾಗಿಲ್ಲ" ಅಂದಳು. ಆಮೇಲೆ ನನ್ನ ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಕೇಳಿದಳು: "ಗ್ರಾಹಕರ 40,000ದ ಚೆಕ್ ಪಾಸಾದ ತಾರೀಕು ನೀವು ಕೊಟ್ಟೇ ಇಲ್ಲ. ಅದು ಬೌನ್ಸ್ ಆಗಿದೆಯಾ?"