ನೋಟಿಸಿನ ಗಡುವನ್ನು ಕನ್ನಡಕ್ಕೆ ತರುವಾಗ

"ವಕೀಲರ ನೋಟಿಸನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ '15 ದಿನದೊಳಗೆ ಹಣ ಕೊಡಿ' ಅಂತ ಬರೆದರೆ ಸಾಲದೇ? ಓದುವವರಿಗೆ ಸುಲಭವಾಗಲಿ ಅಂತ ಕೊನೆಯ ತಾರೀಖನ್ನೇ ಹಾಕಿದರೆ ಏನು ತಪ್ಪು?"

ಸಾಲದು. ಎಷ್ಟು ದಿನ ಎಂಬುದರ ಜೊತೆಗೆ ಯಾವತ್ತಿನಿಂದ ಎಂಬುದೂ ಇದ್ದರೆ ಮಾತ್ರ ಅದು ಗಡುವು. ತಾರೀಖು ಹಾಕುವುದು ಇನ್ನೂ ಅಪಾಯ, ಏಕೆಂದರೆ ಅನುವಾದ ಮಾಡುವ ಹೊತ್ತಿಗೆ ಆ ಎಣಿಕೆ ಬಹುತೇಕ ಶುರುವೇ ಆಗಿರುವುದಿಲ್ಲ.

ಹೆಚ್ಚಾಗಿ ಕೈಗೆ ಬರುವ ಚೆಕ್ ಬೌನ್ಸ್ ನೋಟಿಸನ್ನೇ ನೋಡೋಣ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ, ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು. ಚೆಕ್ ಕೊಟ್ಟವರಿಗೆ ಹಣ ಕಟ್ಟಲು ಇರುವ 15 ದಿನ ಮಾತ್ರ ನೋಟಿಸು ಅವರಿಗೆ ತಲುಪಿದಂದಿನಿಂದ. ಅವರು ಕಟ್ಟದಿದ್ದರೆ, ಆ 15 ದಿನ ಮುಗಿದಂದಿನಿಂದ ದೂರು ಸಲ್ಲಿಸಲು ಒಂದು ತಿಂಗಳು. ಹೀಗೆ ಮೂರು ಎಣಿಕೆ, ಮೂರಕ್ಕೂ ಬೇರೆ ಬೇರೆ ಆರಂಭ.

ನೋಟಿಸಿನ ಮೇಲಿನ ದಿನಾಂಕ ಜೂನ್ 19, ಅಂಚೆಗೆ ಹಾಕಿದ್ದು 20, ತಲುಪಿದ್ದು 24 ಎಂದಿಟ್ಟುಕೊಳ್ಳಿ. ತಲುಪಿದ ದಿನವನ್ನು ಬಿಟ್ಟು ಎಣಿಸಿದರೆ ಜೂನ್ 25 ಮೊದಲ ದಿನ, ಜುಲೈ 9 ಹದಿನೈದನೆಯ ದಿನ. ಜುಲೈ 9 ಮುಗಿಯುವವರೆಗೂ ಹಣ ಕಟ್ಟಬಹುದು. ಅನುವಾದದಲ್ಲಿ "ಈ ನೋಟಿಸಿನ ದಿನಾಂಕದಿಂದ" ಎಂದು ಬಂದುಬಿಟ್ಟರೆ ಗಡುವು ಜುಲೈ 4ಕ್ಕೇ ಮುಗಿದಂತೆ ಕಾಣುತ್ತದೆ. ಅದನ್ನು ನಂಬಿ ಜುಲೈ 6ರಂದು ದೂರು ಸಲ್ಲಿಸಿದರೆ ಅದು ಅವಧಿಗೆ ಮುಂಚಿನ ದೂರು. ಹದಿನೈದು ದಿನ ಮುಗಿಯುವ ಮೊದಲೇ ಸಲ್ಲಿಸಿದ ದೂರು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಮೂಲದಲ್ಲಿ ತಲುಪಿದ ದಿನಾಂಕವೆಂದಿದ್ದರೆ ಕನ್ನಡದಲ್ಲಿ "ಈ ನೋಟಿಸು ನಿಮಗೆ ತಲುಪಿದ ದಿನಾಂಕದಿಂದ 15 ದಿನಗಳ ಒಳಗೆ" ಎಂದೇ ಬರೆಯಬೇಕು. ಸ್ಪಷ್ಟವಾಗಲಿ ಎಂದು "ತಲುಪಿದ ಮರುದಿನದಿಂದ" ಎಂದು ತಿದ್ದುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ "ಇಂಥ ದಿನದಿಂದ" ಎಂದಾಗ ಆ ದಿನವನ್ನು ಬಿಟ್ಟು ಎಣಿಸುವುದು ಕಾನೂನಿನ ರೂಢಿ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಕಲಮಿನಲ್ಲಿರುವುದೂ ಇದೇ ತತ್ವ. ಹಾಗಾಗಿ "ಮರುದಿನದಿಂದ" ಎಂದರೆ ಮರುದಿನವೂ ಬಿಟ್ಟುಹೋಗಿ, ಗಡುವು ಜುಲೈ 10ಕ್ಕೆ ಜಾರಿತೆಂದು ವಾದಿಸಲು ಎಡೆಯಾಗುತ್ತದೆ.

ಮಾತಿನ ರೂಢಿಯನ್ನೂ ಒಳಗೆ ಬಿಡಬಾರದು. ಆಡುಮಾತಿನಲ್ಲಿ "ಎಂಟು ದಿನ" ಎಂದರೆ ಒಂದು ವಾರ. ಮೂಲದಲ್ಲಿ 7 ದಿನ ಇದ್ದರೆ 7, ಒಂದು ವಾರ ಎಂದಿದ್ದರೆ ಒಂದು ವಾರ. ತಿಂಗಳನ್ನು 30 ದಿನವಾಗಿಸುವುದೂ ಇದೇ ಜಾತಿಯ ತಪ್ಪು. ಸರ್ಕಾರದ ವಿರುದ್ಧ ದಾವೆಗೆ ಮೊದಲು ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸಿಗೆ ಎರಡು ತಿಂಗಳ ಅವಧಿ. ಜುಲೈ, ಆಗಸ್ಟ್ ಎರಡೂ ಅದರೊಳಗೆ ಬಂದರೆ 60 ಅಲ್ಲ, 62 ದಿನ.

ಕನ್ನಡದ ವಾಕ್ಯರಚನೆ ತರುವ ತೊಡಕು ಬೇರೆಯೇ ಇದೆ, ನನ್ನ ಮಟ್ಟಿಗೆ ಹೆಚ್ಚು ಕಣ್ಣು ತಪ್ಪಿಸುವುದು ಅದೇ. ಚೆಕ್ಕಿನ ಮೊತ್ತ 2,00,000 ರೂಪಾಯಿಯನ್ನು 15 ದಿನದೊಳಗೆ ಕೊಡಬೇಕು, ನೋಟಿಸಿನ ಖರ್ಚು 5,000 ರೂಪಾಯಿಯನ್ನೂ ಕೊಡಬೇಕು ಎಂದು ಮೂಲದಲ್ಲಿದೆ, ಖರ್ಚಿಗೆ ಗಡುವಿಲ್ಲ. ಇದನ್ನು "ನೋಟಿಸು ತಲುಪಿದ 15 ದಿನಗಳೊಳಗೆ ಚೆಕ್ಕಿನ ಮೊತ್ತ ಹಾಗೂ ನೋಟಿಸಿನ ಖರ್ಚನ್ನು ಪಾವತಿಸಬೇಕು" ಎಂದು ಒಂದೇ ಕ್ರಿಯಾಪದಕ್ಕೆ ಕಟ್ಟಿದರೆ ಗಡುವು ಎರಡಕ್ಕೂ ಹತ್ತಿಕೊಳ್ಳುತ್ತದೆ, ಎರಡು ಬೇಡಿಕೆ ಒಂದಾಗಿ ಓದಿಸಿಕೊಳ್ಳುತ್ತವೆ. ಈ ಕಾಯ್ದೆಯಡಿ ಕೇಳಬೇಕಾದದ್ದು ಚೆಕ್ಕಿನ ಮೊತ್ತವನ್ನು. ಅದು ಬೇರೆಯಾಗಿ ಕಾಣದಿದ್ದರೆ ನೋಟಿಸೇ ತಕರಾರಿಗೆ ಒಳಗಾಗಬಹುದು. ಎರಡು ವಾಕ್ಯ ಮಾಡಿ, ಗಡುವನ್ನು ಅದು ಸೇರಿದ ಬೇಡಿಕೆಯ ಪಕ್ಕದಲ್ಲೇ ಇಡಿ.

ಮೂಲವೇ ತಪ್ಪಿದ್ದರೆ? ಅಂಕಿಯಲ್ಲಿ 15, ಅಕ್ಷರದಲ್ಲಿ ಹತ್ತು ಎಂದಿದ್ದರೆ ಎರಡನ್ನೂ ಹಾಗೆಯೇ ತನ್ನಿ. ಚೆಕ್ ನೋಟಿಸಿನಲ್ಲಿ 7 ದಿನ ಎಂದಿದ್ದರೆ 7 ಎಂದೇ ಬರೆದು, ಬೇರೆ ಹಾಳೆಯಲ್ಲಿ ವಕೀಲರ ಗಮನಕ್ಕೆ ತನ್ನಿ. ತಿದ್ದುವ ಅಧಿಕಾರ ಸಹಿ ಹಾಕುವವರದು.

ಮುಗಿದ ಮೇಲೆ ಮೂಲವನ್ನು ಮುಚ್ಚಿಟ್ಟು, ಬರೀ ಕನ್ನಡ ಓದಿ, ಕಲ್ಪಿತ ತಲುಪಿದ ದಿನವೊಂದನ್ನು ಹಿಡಿದು ಪ್ರತಿ ಬೇಡಿಕೆಯ ಕೊನೆಯ ದಿನ ಬರೆದುಕೊಳ್ಳಿ. ಆಮೇಲೆ ಮೂಲದಿಂದ ಅದೇ ಲೆಕ್ಕ ಮಾಡಿ. ಒಂದು ದಿನ ವ್ಯತ್ಯಾಸ ಬಂದರೆ ಆರಂಭದ ದಿನದ ಮಾತನ್ನೂ, ಐದಾರು ದಿನ ಬಂದರೆ ನೋಟಿಸಿನ ದಿನಾಂಕ ನುಸುಳಿದೆಯೇ ಎಂದೂ ಮೊದಲು ನೋಡಿ.